ಬಿ.ಕಾಂ. ಜಿಎಸ್‌ಟಿ ಇನ್‌ವಾಯ್ಸ್ ಲೆಕ್ಕ: ಪ್ರಶ್ನೆ ಹೇಗೆ ಕಟ್ಟುತ್ತೀರಿ, ಅಂಕ ಹೇಗೆ ಹಂಚುತ್ತೀರಿ?

ಕೇಳಿದವರು, ಪದವಿ ಕಾಲೇಜು ಉಪನ್ಯಾಸಕಿ: ನಾಲ್ಕನೇ ಸೆಮಿಸ್ಟರ್‌ಗೆ ಇನ್‌ವಾಯ್ಸ್ ಲೆಕ್ಕಗಳನ್ನು ಹೊಸದಾಗಿ ಬರೆಯುತ್ತಿದ್ದೇನೆ. ದರಗಳು ಈಗಿನವೇ ಇರಬೇಕು. ಮೌಲ್ಯಮಾಪನಕ್ಕೆ ಮೂವರು ಕೂತರೂ ಒಂದೇ ಅಂಕ ಬರುವಂಥ ಕೀ ಬೇಕು. ಹಾಗೆ ಮಾಡಿ ನೋಡಿದವರು ಹೇಳಿ.

ಲೆಕ್ಕದ ಮೇಡಂ, ಧಾರವಾಡ: ನಾನು ಎಷ್ಟೋ ವರ್ಷದಿಂದ ಬಳಸುವ ಲೆಕ್ಕವನ್ನೇ ಕೊಡುತ್ತೇನೆ. ಹುಬ್ಬಳ್ಳಿಯ ಡೀಲರ್ ಬೆಳಗಾವಿಯ ಅಂಗಡಿಗೆ 20 ಸೀಲಿಂಗ್ ಫ್ಯಾನ್ ಮಾರುತ್ತಾನೆ. ಪಟ್ಟಿ ಬೆಲೆ ಒಂದಕ್ಕೆ 2,500. ಟ್ರೇಡ್ ಡಿಸ್ಕೌಂಟ್ 10%, ಅದು ಬಿಲ್ಲಿನಲ್ಲೇ ಇದೆ. ಪ್ಯಾಕಿಂಗ್ 600. ಅಂಗಡಿ ಬಾಗಿಲಿಗೆ ತಲುಪಿಸಲು ಸಾಗಾಟ 1,400. ಏಳು ದಿನದಲ್ಲಿ ಹಣ ಕೊಟ್ಟರೆ 2% ಕ್ಯಾಶ್ ಡಿಸ್ಕೌಂಟ್ ಎಂಬ ಮಾತೂ ಇದೆ. ದರ 18%.

50,000ದಲ್ಲಿ 5,000 ಕಳೆದರೆ 45,000. ಪ್ಯಾಕಿಂಗ್, ಸಾಗಾಟ ಸೇರಿಸಿದರೆ ತೆರಿಗೆಗೊಳಪಡುವ ಮೌಲ್ಯ 47,000. ಸಿಜಿಎಸ್‌ಟಿ 4,230, ಎಸ್‌ಜಿಎಸ್‌ಟಿ 4,230. ಒಟ್ಟು 55,460. ಕ್ಯಾಶ್ ಡಿಸ್ಕೌಂಟ್ ಮುಟ್ಟುವ ಹಾಗಿಲ್ಲ. ಬಿಲ್ ಹಾಕುವ ಹೊತ್ತಿಗೆ ಅದು ಸಿಗುತ್ತದೋ ಇಲ್ಲವೋ ಗೊತ್ತೇ ಇರುವುದಿಲ್ಲ.

ಈ ಸಂಖ್ಯೆಗಳನ್ನು ಸುಮ್ನೆ ಹಾಕಿದ್ದಲ್ಲ. ಪ್ರತಿ ತಪ್ಪಿಗೂ ಬೇರೆ ಮೊತ್ತ ಬರಬೇಕು, ಅದು ನನ್ನ ನಿಯಮ. ಸಾಗಾಟಕ್ಕೆ ತೆರಿಗೆ ಹಾಕದೆ ಕೊನೆಗೆ ಕೂಡಿಸಿದವನಿಗೆ 55,208 ಬರುತ್ತದೆ. ಕ್ಯಾಶ್ ಡಿಸ್ಕೌಂಟ್ 900 ಕಳೆದವನಿಗೆ 54,398. ಟ್ರೇಡ್ ಡಿಸ್ಕೌಂಟನ್ನು ತೆರಿಗೆ ಹಾಕಿದ ಮೇಲೆ ಕಳೆದವನಿಗೆ 56,360. ಕೊನೆಯ ಸಾಲು ನೋಡಿದರೆ ಸಾಕು, ಹುಡುಗ ಎಲ್ಲಿ ಎಡವಿದ ಅಂತ ಗೊತ್ತಾಗುತ್ತದೆ. ಆಮೇಲೆ ಆ ಸಾಲಿಗೆ ಹೋಗಿ ಅಂಕ ಕಳೆಯುವುದಷ್ಟೇ.

ಲಾರಿ ಆಫೀಸ್, ದಾವಣಗೆರೆ: ಸಾಗಾಟಕ್ಕೆ 18% ಹೇಗೆ ಮೇಡಂ? ಲಾರಿ ಬಾಡಿಗೆಗೆ 5%. ನಾವು ಬಿಲ್ ಮಾಡುವುದೇ ಹಾಗೆ, ಎಷ್ಟೋ ಕಡೆ ತೆರಿಗೆಯನ್ನು ಪಾರ್ಟಿಯೇ ಕಟ್ಟುತ್ತದೆ. ನಿಮ್ಮ ಲೆಕ್ಕದಲ್ಲಿ 1,400ಕ್ಕೆ 70 ರೂಪಾಯಿ ತೆರಿಗೆ, ಒಟ್ಟು 55,278 ಆಗಬೇಕು. ಮಕ್ಕಳಿಗೆ ತಪ್ಪು ಕಲಿಸಬೇಡಿ.

ಎಲೆಕ್ಟ್ರಿಕಲ್ ಅಂಗಡಿ, ಹಾವೇರಿ: ಈ 5% ಮಾತು ಕೇಳಿದರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ. ನಮ್ಮಲ್ಲಿ ಲೆಕ್ಕ ಬರೆಯುತ್ತಿದ್ದವರು ಸಾಗಾಟವನ್ನು ಬಿಲ್ಲಿನ ಕೆಳಗೆ ತೆರಿಗೆ ಇಲ್ಲದೆ ಸೇರಿಸುತ್ತಿದ್ದರು. ನಮ್ಮದೇ ಟೆಂಪೋ, ನಮ್ಮದೇ ಡ್ರೈವರ್. ಹಾಗೆ ವಸೂಲಾದ ಬಾಡಿಗೆ ಒಟ್ಟು 2,80,000. ಪರಿಶೀಲನೆ ಬಂದಾಗ ಅದರ ಮೇಲೆ 18%, ಅಂದರೆ 50,400 ಕಟ್ಟಿ ಎಂದರು. ಮೇಲೆ ವರ್ಷಕ್ಕೆ 18% ಬಡ್ಡಿ. ನೋಟಿಸ್ ಬಂದ 30 ದಿನದೊಳಗೆ ಕಟ್ಟಿದ್ದಕ್ಕೆ ದಂಡ ತಪ್ಪಿತು. ಇಲ್ಲದಿದ್ದರೆ ಕೇಂದ್ರಕ್ಕೆ ಹತ್ತು ಸಾವಿರ, ರಾಜ್ಯಕ್ಕೆ ಹತ್ತು ಸಾವಿರ ಬೇರೆ ಹೋಗುತ್ತಿತ್ತು. ಮನೆಗೆ ಫ್ಯಾನ್ ಒಯ್ದ ಗಿರಾಕಿಯನ್ನು ಹುಡುಕಿ ತೆರಿಗೆ ಕೇಳಲಾಗುತ್ತದೆಯೇ? ಎಲ್ಲವೂ ನನ್ನ ಜೇಬಿನಿಂದ. ಲಾರಿಯವರು ದಯವಿಟ್ಟು ಅರ್ಧ ವಿಷಯ ಹೇಳಬೇಡಿ.

ಲಾರಿ ಆಫೀಸ್, ದಾವಣಗೆರೆ: ನಿಮ್ಮ ಗುಮಾಸ್ತ ಮಾಡಿದ ಕೆಲಸಕ್ಕೆ ನನ್ನ ಮೇಲೆ ಯಾಕೆ ರೇಗುತ್ತೀರಿ? ನಮ್ಮ ಬಿಲ್ಲಿನಲ್ಲಿ 5% ಇರುವುದು ಸುಳ್ಳಾ?

ಜಿಎಸ್‌ಟಿ ಪ್ರಾಕ್ಟೀಷನರ್, ಮೈಸೂರು: ಸುಳ್ಳಲ್ಲ, ಆದರೆ ಅದು ನಿಮ್ಮ ಬಿಲ್. ಮೇಡಂ ಕೇಳಿದ್ದು ಡೀಲರ್ ಬಿಲ್. ಮಾಲು ತಲುಪಿಸುವುದು ಡೀಲರ್ ಹೊಣೆಯಾದರೆ ಪ್ಯಾಕಿಂಗ್, ಸಾಗಾಟ ಎಲ್ಲ ಮಾಲಿನ ಮೌಲ್ಯಕ್ಕೆ ಸೇರುತ್ತದೆ, ಮಾಲಿನ ದರವೇ ಬೀಳುತ್ತದೆ. ಸೆಕ್ಷನ್ 15 ಹೇಳುವುದು ಅದನ್ನೇ. ಕೊಂಡವನೇ ಗೋಡೌನ್ ಬಾಗಿಲಲ್ಲಿ ಮಾಲು ಪಡೆದು ತನ್ನ ಲಾರಿ ತಂದರೆ 1,400 ಆ ಬಿಲ್ಲಿಗೆ ಬರುವುದೇ ಇಲ್ಲ. ಆದ್ದರಿಂದ ಪ್ರಶ್ನೆಯಲ್ಲಿ 'ಅಂಗಡಿಗೆ ತಲುಪಿಸುವ ಒಪ್ಪಂದ' ಎಂದು ಬರೆಯಲೇಬೇಕು. ಬರೆಯದಿದ್ದರೆ ಎರಡೂ ಉತ್ತರ ಸರಿ, ಕೀ ಹಿಡಿದು ಕೂತವರು ಜಗಳವಾಡುತ್ತಾರೆ. ಲಾರಿ ಬಾಡಿಗೆಯನ್ನು ಡೀಲರ್ ಕೊಂಡವನ ಪರವಾಗಿ ಕೊಟ್ಟು, ಇದ್ದಷ್ಟೇ ವಾಪಸ್ ಪಡೆದರೆ ಏನು ಎಂಬುದರಲ್ಲಿ ನಮ್ಮಲ್ಲೇ ಒಮ್ಮತ ಇಲ್ಲ. ಅಂಥದ್ದನ್ನು ಪರೀಕ್ಷೆಗೆ ಹಾಕಬೇಡಿ.

ಇನ್ನೊಂದು. ಕೊನೆಯ ಮೊತ್ತ ನೋಡಿ ಎಲ್ಲ ತಪ್ಪು ಹಿಡಿಯಬಹುದು ಎಂದಿರಿ ಮೇಡಂ. ಬೆಳಗಾವಿ ಬದಲು ಕೊಲ್ಹಾಪುರದ ಅಂಗಡಿಗೆ ತಲುಪಿಸಿ ನೋಡಿ. ಐಜಿಎಸ್‌ಟಿ 8,460, ಒಟ್ಟು ಅದೇ 55,460. ಅಂತರರಾಜ್ಯ ಮಾರಾಟಕ್ಕೆ ಸಿಜಿಎಸ್‌ಟಿ ಬರೆದವನೂ ಪೂರ್ತಿ ಅಂಕ ಪಡೆಯುತ್ತಾನೆ.

ಲೆಕ್ಕದ ಮೇಡಂ, ಧಾರವಾಡ: ಅದಕ್ಕೇ ನನ್ನ ಕೀಯಲ್ಲಿ ಅದಕ್ಕೆ ಬೇರೆ ಅಂಕವಿದೆ. ಹತ್ತಕ್ಕೆ ಹೀಗೆ ಹಂಚುತ್ತೇನೆ: ಟ್ರೇಡ್ ಡಿಸ್ಕೌಂಟ್ 2, ಪ್ಯಾಕಿಂಗ್ ಮತ್ತು ಸಾಗಾಟ 3, ಕ್ಯಾಶ್ ಡಿಸ್ಕೌಂಟ್ ಬಿಟ್ಟದ್ದಕ್ಕೆ ಒಂದು ಸಾಲಿನ ಕಾರಣ 1, ಯಾವ ತೆರಿಗೆ ಎಂಬ ನಿರ್ಧಾರ 1, ತೆರಿಗೆ ಲೆಕ್ಕ 2, ಮೊತ್ತ 1. ಸಾಗಾಟ ಬಿಟ್ಟವನು ಅಲ್ಲೇ ಅಂಕ ಕಳೆದುಕೊಂಡಿರುತ್ತಾನೆ. ಅವನ 45,600ರ ಮೇಲೆ 8,208 ಸರಿಯಾಗಿ ಬಂದಿದ್ದರೆ ತೆರಿಗೆಯ 2 ಅಂಕ ಕೊಡಲೇಬೇಕು. ಒಂದೇ ತಪ್ಪಿಗೆ ಮೂರು ಕಡೆ ಕೊಯ್ಯುವ ಮೌಲ್ಯಮಾಪಕರ ಜೊತೆ ನಾನು ಕೂಗಾಡಿದ್ದೇನೆ, ಮುಂದೂ ಕೂಗಾಡುತ್ತೇನೆ.

ಬಿ.ಕಾಂ. ಮುಗಿಸಿದವನು, ಶಿವಮೊಗ್ಗ: ನನ್ನದು ಬೇರೆ ನೋವು. ಸಿಮೆಂಟ್ ಲೆಕ್ಕ ಬಂದಿತ್ತು. ಪ್ರಶ್ನೆಯಲ್ಲಿ ದರವೂ ಇಲ್ಲ, ತಾರೀಖೂ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟ್ 28ರಿಂದ 18ಕ್ಕೆ ಇಳಿದಿದೆ ಅಂತ ನಾನು 18 ಹಾಕಿದೆ. ಹಳೇ ಪುಸ್ತಕದ 28ನ್ನೇ ಕೀ ಮಾಡಿದ್ದರು. ಅಷ್ಟೂ ಅಂಕ ಹೋಯಿತು. ಮರುಮೌಲ್ಯಮಾಪನದ ಶುಲ್ಕ ಕಟ್ಟಿದರೂ ಬದಲಾಗಲಿಲ್ಲ. ಎಂ.ಕಾಂ. ಸೀಟಿಗೆ ಅದೇ ಅಂಕ ಬೇಕಿತ್ತು.

ಜಿಎಸ್‌ಟಿ ಪ್ರಾಕ್ಟೀಷನರ್, ಮೈಸೂರು: ಇನ್‌ವಾಯ್ಸ್ ತಾರೀಖು, ಮಾಲು ಹೊರಟ ತಾರೀಖು ಎರಡನ್ನೂ ಪ್ರಶ್ನೆಯಲ್ಲಿ ಕೊಡಿ. ಎರಡೂ 22ರ ಒಂದೇ ಬದಿಗೆ ಇರಲಿ. ಮಾಲು 20ಕ್ಕೆ ಹೊರಟು ಬಿಲ್ಲು, ಹಣ ಎರಡೂ 24ಕ್ಕೆ ಆದರೆ ಹೊಸ ದರ. ಹಣ ಮೊದಲೇ ಬಂದಿದ್ದರೆ ಹಳೇ ದರ. ಅದು ಬೇರೆಯದೇ ಪಾಠ, ಇದರೊಳಗೆ ತುರುಕಬೇಡಿ.

ಎಲೆಕ್ಟ್ರಿಕಲ್ ಅಂಗಡಿ, ಹಾವೇರಿ: ಪೈಸೆ ವಿಷಯ ಯಾರೂ ಹೇಳಲಿಲ್ಲ. ಮೌಲ್ಯ 46,735 ಆದರೆ ಸಿಜಿಎಸ್‌ಟಿ 4,206.15. ನನ್ನ ಸಾಫ್ಟ್‌ವೇರ್ ಪೈಸೆ ಹಾಗೇ ಇಟ್ಟು ಕೊನೆಗೆ ಒಟ್ಟನ್ನು ಸುತ್ತು ಮಾಡುತ್ತದೆ. ಎಲ್ಲ ಅಂಗಡಿಯಲ್ಲೂ ಹಾಗೇ.

ಲೆಕ್ಕದ ಮೇಡಂ, ಧಾರವಾಡ: ಸೆಕ್ಷನ್ 170 ತೆರಿಗೆಯನ್ನೇ ಹತ್ತಿರದ ರೂಪಾಯಿಗೆ ಸುತ್ತು ಮಾಡಲು ಹೇಳುತ್ತದೆ. ನಾನು 4,206 ಬರೆದವನಿಗೆ ಮಾತ್ರ ಅಂಕ ಕೊಡುತ್ತೇನೆ.

ಎಲೆಕ್ಟ್ರಿಕಲ್ ಅಂಗಡಿ, ಹಾವೇರಿ: ದಿನಾ ಬಿಲ್ ಹರಿಯುವವರು ನಾವು. ಅಂಗಡಿಯಲ್ಲಿ ಕಲಿತು ಬಂದ ಹುಡುಗನಿಗೆ ಸೊನ್ನೆ ಕೊಡುತ್ತೀರಾ?

ಜಿಎಸ್‌ಟಿ ಪ್ರಾಕ್ಟೀಷನರ್, ಮೈಸೂರು: ಆ ಸೆಕ್ಷನ್ ಪ್ರತಿ ಬಿಲ್ಲಿಗೋ, ರಿಟರ್ನ್‌ನಲ್ಲಿ ಕಟ್ಟುವ ಮೊತ್ತಕ್ಕೋ ಎಂದು ಇಬ್ಬರೂ ಹೊಡೆದಾಡುತ್ತೀರಿ. ಪ್ರಶ್ನೆ ಬರೆಯುವವರು ಪೈಸೆ ಬಾರದ ಸಂಖ್ಯೆ ಹಾಕಲಿ, ಇಲ್ಲವೇ ಎರಡನ್ನೂ ಕೀಯಲ್ಲಿ ಒಪ್ಪಲಿ.

ಲೆಕ್ಕದ ಮೇಡಂ, ಧಾರವಾಡ: ಎರಡನ್ನೂ ಒಪ್ಪುವ ಕೀ ನನ್ನ ಕೈಯಿಂದ ಬರುವುದಿಲ್ಲ.

ಕೇಳಿದವರು: 47,000ದ ಲೆಕ್ಕವನ್ನೇ ತೆಗೆದುಕೊಳ್ಳುತ್ತೇನೆ. ತಲುಪಿಸುವ ಒಪ್ಪಂದ, ತಾರೀಖು, ದರ ಮೂರನ್ನೂ ಪ್ರಶ್ನೆಯಲ್ಲೇ ಬರೆಯುತ್ತೇನೆ. ಉತ್ತರವನ್ನು ಹಿಂದಿನಿಂದ ತಾಳೆ ನೋಡಲು 55,460 × 100 ÷ 118 ಮಾಡಿದೆ, 47,000 ಸರಿಯಾಗಿ ಬಂತು. ಆದರೆ ಕ್ಯಾಶ್ ಡಿಸ್ಕೌಂಟಿನ ಕಾರಣ ಬರೆಯದೆ ಸರಿ ಮೊತ್ತ ತಂದವನಿಗೆ ಆ 1 ಅಂಕ ಕೊಡಬೇಕೋ ಬೇಡವೋ?

ಬಿ.ಕಾಂ. ಮುಗಿಸಿದವನು, ಶಿವಮೊಗ್ಗ: ಕೊಡಿ ಮೇಡಂ. ಕಾರಣ ಬೇಕಿದ್ದರೆ 'ಕಾರಣ ಕೊಡಿ' ಅಂತ ಪ್ರಶ್ನೆಯಲ್ಲೇ ಕೇಳಿ.