ಪದಚರ್ಚೆ: ಡಿಸ್ಕ್ ‘ಕಾವೇರಿ’ ಅಂದರೆ ಅರ್ಥವಾಗುತ್ತಾ?

ಮಡಿಕೇರಿಯಿಂದ:
ನಮ್ಮ ಗ್ಯಾರೇಜಿನ ಗೋಡೆಗೆ ಒಂದು ಸೂಚನೆ ಬರೆದೆ. ‘ಘಾಟಿ ಇಳಿಯುವಾಗ ಮತ್ತೆ ಮತ್ತೆ ಬ್ರೇಕ್ ಹಿಡಿದರೆ ಡಿಸ್ಕ್ ಕಾವೇರಿ ಹಿಡಿತ ಕಮ್ಮಿಯಾಗುತ್ತದೆ.’ ಕೆಲಸದ ಹುಡುಗ ಓದಿ, ‘ಡಿಸ್ಕಿಗೂ ಕಾವೇರಿಗೂ ಏನಣ್ಣ ಸಂಬಂಧ?’ ಅಂದ. ಕೊಡಗಿನವನು, ತಲಕಾವೇರಿ ನೆನಪಾದರೆ ತಪ್ಪೇನಿಲ್ಲ. ‘ಶಾಖ ಏರಿ’ ಅನ್ನಲೇ, ‘ತಾಪ ಏರಿ’ ಅನ್ನಲೇ?

ಕುಶಾಲನಗರದಿಂದ:
ಎರಡೂ ಒಂದೇ ಅಲ್ವಾ? ಸುಮ್ನೆ ‘ಬಿಸಿಯಾಗಿ’ ಅನ್ನಿ. ಗಾಡಿಯ ಓಟವೇ ಬ್ರೇಕಿನಲ್ಲಿ ಬಿಸಿಯಾಗುವುದು. ವೇಗ ಎರಡರಷ್ಟಾದರೆ ಬಿಸಿಯೂ ಎರಡರಷ್ಟು.

ಪೊನ್ನಂಪೇಟೆಯಿಂದ:
ಓಟ ಬಿಸಿಯಾಗುವುದು ನಿಜ. ಆದರೆ ವೇಗ ಎರಡರಷ್ಟಾದರೆ ಬಿಸಿ ನಾಲ್ಕರಷ್ಟು. ಸವಾರನೂ ಸೇರಿ 200 ಕಿಲೋ ತೂಗುವ ಬೈಕು 60 ಕಿ.ಮೀ. ವೇಗದಿಂದ ನಿಂತರೆ ಸುಮಾರು 28 ಕಿಲೋಜೂಲ್ ಶಾಖ ಹುಟ್ಟುತ್ತದೆ. ಅದರಲ್ಲಿ ನೂರಕ್ಕೆ 70 ಪಾಲು ಮುಂದಿನ ಬ್ರೇಕಿನದು ಅಂತಿಟ್ಟುಕೊಳ್ಳಿ. ಅಷ್ಟನ್ನೂ ಒಂದು ಕಿಲೋ ಉಕ್ಕಿನ ಡಿಸ್ಕೇ ಹೀರಿದರೆ ಅದರ ತಾಪ ಸುಮಾರು 40 ಡಿಗ್ರಿ ಏರುತ್ತದೆ. 30ರ ವೇಗದಿಂದಾದರೆ ಬರೀ 10 ಡಿಗ್ರಿ.

ಶಾಖ, ತಾಪ ಬೇರೆ ಅನ್ನುವುದು ಇಲ್ಲಿ ಕಾಣುತ್ತದೆ. ಡಿಸ್ಕ್ ಅರ್ಧ ಕಿಲೋದ್ದಾದರೆ ಶಾಖ ಅಷ್ಟೇ, ತಾಪದ ಏರಿಕೆ ಮಾತ್ರ 80. ಹಾಗಾಗಿ ಹೀರುವುದು ಶಾಖವನ್ನು, ಏರುವುದು ತಾಪ. ಡಿಸ್ಕ್ ಆರುವ ಮೊದಲೇ ಐದು ಸಲ ನಿಲ್ಲಿಸಿದರೆ 40 ಐದು ಸಲ ಕೂಡುತ್ತಾ ಹೋಗುತ್ತದೆ. ಗಾಳಿ ನಡುನಡುವೆ ಒಂದಷ್ಟು ಒಯ್ಯುವುದರಿಂದ ನಿಜಕ್ಕೂ ಅಷ್ಟು ಏರುವುದಿಲ್ಲ.

ಸುಂಟಿಕೊಪ್ಪದಿಂದ:
ಪದದ ವಿಷಯ ಗೊತ್ತಿಲ್ಲ, ನನ್ನ ಸ್ಕೂಟರಿನದು ಕೇಳಿ. ಕಳೆದ ಮಳೆಗಾಲದಲ್ಲಿ ಸಂಪಾಜೆ ಕಡೆ ಇಳಿಯುವಾಗ ಮುಂದಿನ ಲಿವರ್ ಮೆತ್ತಗಾಗಿ ಹ್ಯಾಂಡಲಿಗೇ ತಾಗಿತು. ಕಾಲು ಗಂಟೆ ನಿಲ್ಲಿಸಿದ ಮೇಲೆ ಸರಿಹೋಯಿತು. ಪ್ಯಾಡ್ ಹೊಸದೇ ಹಾಕಿಸಿದ್ದೆ!

ಪೊನ್ನಂಪೇಟೆಯಿಂದ:
ಪ್ಯಾಡಿನ ಲಕ್ಷಣ ಅಲ್ಲ ಅದು. ಪ್ಯಾಡ್ ಕಾದು ಹಿಡಿತ ಬಿಟ್ಟರೆ ಲಿವರ್ ಗಟ್ಟಿಯಾಗಿಯೇ ಇರುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಲಿವರ್ ಮೆತ್ತಗಾದರೆ ಬ್ರೇಕ್ ಆಯಿಲ್ ಕುದ್ದು ಗುಳ್ಳೆ ಎದ್ದಿರಬೇಕು. ಹೊಸ ಡಾಟ್ 4 ಆಯಿಲ್ 230 ಡಿಗ್ರಿವರೆಗಾದರೂ ತಡೆಯಬೇಕು. ಗಾಳಿಯ ತೇವ ಕುಡಿದ ಹಳೆಯದಕ್ಕೆ ಇರುವ ಮಿತಿ 155. ನಮ್ಮ ಮಳೆಯಲ್ಲಿ ತೇವಕ್ಕೇನು ಬರ! ಆಯಿಲ್ ಯಾವಾಗ ಬದಲಿಸಿದ್ದು?

ಇಳಿಜಾರಿನ ಲೆಕ್ಕವೂ ನೋಡಿ. ಅದೇ 200 ಕಿಲೋ ವೇಗ ಹೆಚ್ಚದಂತೆ 100 ಮೀಟರ್ ಕೆಳಗಿಳಿದರೆ 196 ಕಿಲೋಜೂಲ್. 60ರಿಂದ ಏಳು ಸಲ ನಿಲ್ಲಿಸಿದಷ್ಟು! ಬೈಕಾದರೆ ಸಣ್ಣ ಗೇರಿನಲ್ಲಿ ಇಂಜಿನ್ನೇ ಒಂದು ಪಾಲು ಹಿಡಿಯುತ್ತದೆ. ಸ್ಕೂಟರಿನಲ್ಲಿ ಆ ಸಹಾಯ ಕಮ್ಮಿ.

ಮಡಿಕೇರಿಯಿಂದ:
ಹಾಗಾದರೆ ನನ್ನ ‘ಹಿಡಿತ ಕಮ್ಮಿ’ಯೂ ಸಾಲದು. ಲಿವರ್ ಗಟ್ಟಿ ಇದ್ದದ್ದು ಒಂದು, ಮೆತ್ತಗಾದದ್ದು ಒಂದು. ಗಿರಾಕಿಗಳು ಎರಡಕ್ಕೂ ‘ಬ್ರೇಕ್ ಕೈಕೊಡ್ತು’ ಅಂತಾರೆ. ಬೇರೆ ಬೇರೆ ಮಾತು ಯಾರ ಬಾಯಲ್ಲಾದರೂ ಕೇಳಿದ್ದೀರಾ?

ಕುಶಾಲನಗರದಿಂದ:
ಮೆತ್ತಗಾದದ್ದಕ್ಕೆ ‘ಲಿವರ್ ಕುಸೀತು’ ಅನ್ನೋದು ಕೇಳಿದ್ದೇನೆ. ಇನ್ನೊಂದಕ್ಕೆ ಇಲ್ಲ. ‘ಕಾವೇರಿ’ಯನ್ನು ಮಾತ್ರ ಅಳಿಸಬೇಡಿ, ‘ಕಾವು ಏರಿ’ ಅಂತ ಬಿಡಿಸಿ ಬರೆಯಿರಿ.