ಹಿಲ್ ಸೈಫರ್‌ಗೆ ಯಾವ ಕೀ ಇಟ್ಟಿದ್ರಿ? ಕೈಸುಟ್ಟುಕೊಂಡವರು ಹೇಳಿ

ಎಂಸಿಎ ಹುಡುಗಿ, ದಾವಣಗೆರೆ: ಅಕ್ಷರಗಳ ಜೋಡಿಯನ್ನು ಸಂಖ್ಯೆ ಮಾಡಿ ಕೀ ಮ್ಯಾಟ್ರಿಕ್ಸ್‌ನಿಂದ ಗುಣಿಸುವ ಹಿಲ್ ಸೈಫರ್‌ಗೆ ನನ್ನ ಕೀ [[5,8],[3,4]]. A=0, ಮಾಡ್ 26. DOSE ಕೊಟ್ಟರೆ XNSS ಬರುತ್ತದೆ, ಆದರೆ ತಿರುಗಿ DOSE ಬರುತ್ತಿಲ್ಲ. ಸೋಮವಾರ ಲ್ಯಾಬ್ ಪರೀಕ್ಷೆ. ನೀವೆಲ್ಲ ಯಾವ ಕೀ ಇಟ್ಟಿದ್ರಿ?

ಪಿ.ಬಿ. ರೋಡ್: ನನ್ನ ಕಥೆ ಕೇಳಮ್ಮ. ನಾನು ಜಂಬಕ್ಕೆ 3×3 ಕೀ ಇಟ್ಟೆ. ಕೈಯಲ್ಲಿ ಲೆಕ್ಕ ಹಾಕಿದಾಗ ಡಿಟರ್ಮಿನೆಂಟ್ 9 ಬಂತು. ಪ್ರೋಗ್ರಾಮ್‌ನಲ್ಲಿ ಬಂದದ್ದು 8.999 ಚಿಲ್ಲರೆ. ಅದಕ್ಕೆ `int` ಹಾಕಿದೆ, 8 ಆಗಿ ಕೂತಿತು. ತಪ್ಪು ಹುಡುಕೋಕೆ ಎರಡು ರಾತ್ರಿ ಹೋಯ್ತು. ಅಷ್ಟರಲ್ಲಿ ರೆಕಾರ್ಡ್ 60 ಪುಟ ಪ್ರಿಂಟ್ ಹಾಕಿಸಿಬಿಟ್ಟಿದ್ದೆ, ಪುಟಕ್ಕೆ 2 ರೂಪಾಯಿ. ಮತ್ತೆ ಎಲ್ಲ ಹಾಕಿಸಬೇಕಾಯ್ತು. 120 ರೂಪಾಯಿ ನೀರಲ್ಲಿ ಹೋಮ. `round` ಹಾಕು, ಎಲ್ಲ ಸರಿ ಹೋಗುತ್ತದೆ.

ದುರ್ಗದ ಮೇಷ್ಟ್ರು: ಇವಳ ಕೀಗೆ `round` ಅಲ್ಲ, ಯಾವ ಮದ್ದೂ ಹತ್ತುವುದಿಲ್ಲ. ಡಿಟರ್ಮಿನೆಂಟ್ 20 ಕಳೆ 24, ಅಂದರೆ -4, ಮಾಡ್ 26ರಲ್ಲಿ 22. ಸಮಸಂಖ್ಯೆ. 26 ಕೂಡ ಸಮ, ಅಲ್ಲಿಗೆ ಮುಗೀತು.

ಹೀಗೆ ನೋಡಮ್ಮ. DOSE ಬದಲು DBSR ಹಾಕು. ಅದಕ್ಕೂ XNSS ಬರುತ್ತದೆ. O ಮತ್ತು B ನಡುವೆ 13 ಅಂತರ, E ಮತ್ತು R ನಡುವೆಯೂ ಅಷ್ಟೇ. ನಿನ್ನ ಕೀಯ ಎರಡನೇ ಕಂಬಸಾಲು 8, 4. ಅವನ್ನು 13ರಿಂದ ಗುಣಿಸಿದರೆ 104, 52. ಎರಡೂ 26ರಲ್ಲಿ ಶೇಷವಿಲ್ಲದೆ ಹೋಗುತ್ತವೆ. ಎರಡು ಪದ ಒಂದೇ ಗುಟ್ಟಕ್ಷರ ಆದ ಮೇಲೆ ತಿರುಗಿಸೋನು ಯಾವುದಕ್ಕೆ ಅಂತ ತಿರುಗಿಸಬೇಕು?

ನಾನೂ ಒಮ್ಮೆ ಇಂಥದ್ದೇ ಕೀಯನ್ನು ಪ್ರಶ್ನೆಪತ್ರಿಕೆಯಲ್ಲಿ ಕೊಟ್ಟುಬಿಟ್ಟಿದ್ದೆ. ಎಲ್ಲರಿಗೂ ಐದೈದು ಅಂಕ ಸುಮ್ನೆ ಹಂಚಬೇಕಾಯ್ತು. ಇವತ್ತಿಗೂ ಹಳೇ ವಿದ್ಯಾರ್ಥಿಗಳು ಸಿಕ್ಕರೆ ಅದನ್ನೇ ಎತ್ತುತ್ತಾರೆ. ಮನಸ್ಸಿಗೆ ಬಂದ ಹಾಗೆ 2×2 ಕೀ ಬರೆದರೆ ಮೂರರಲ್ಲಿ ಎರಡು ಕೆಡುತ್ತವೆ. 4,56,976ರಲ್ಲಿ ತಿರುಗುವುದು 1,57,248 ಮಾತ್ರ.

ಇಪ್ಪತ್ತೊಂಬತ್ತು: ಇದಕ್ಕೇ ನಾನು ಹೇಳೋದು, 26 ದರಿದ್ರದ ಸಂಖ್ಯೆ. ಅವಿಭಾಜ್ಯವೇ ಬೇಕು. ಖಾಲಿ ಜಾಗ, ಚುಕ್ಕೆ, ಪ್ರಶ್ನೆ ಗುರುತು ಸೇರಿಸಿ 29 ಮಾಡಿ. ಅದೇ ಕೀ ಓಡುತ್ತದೆ! -4 ಅಲ್ಲಿ 25, ಅದರ ವಿಲೋಮ 7. ನಾನು ಪ್ರಾಜೆಕ್ಟ್ ಪೂರ್ತಿ ಹೀಗೇ ಮಾಡಿದೆ.

ದುರ್ಗದ ಮೇಷ್ಟ್ರು: ಓಡುತ್ತದೆ, ಒಪ್ಪಿದೆ. ಆದರೆ ಅವಿಭಾಜ್ಯವೇ ಬೇಕು ಅನ್ನುವುದು ಸುಳ್ಳು. 26ರಲ್ಲಿ ಡಿಟರ್ಮಿನೆಂಟ್ ಬೆಸ ಇದ್ದು, 13ರ ಮಗ್ಗಿಯಲ್ಲಿ ಬರದಿದ್ದರೆ ಸಾಕು. ನಿಮ್ಮ ಪ್ರಾಜೆಕ್ಟ್ ಡೆಮೋದಲ್ಲಿ ಏನಾಯ್ತು, ಅದನ್ನೂ ಹೇಳಿ.

ಇಪ್ಪತ್ತೊಂಬತ್ತು: ಅದು ಬೇರೆ ವಿಷಯ. ಗುಟ್ಟಕ್ಷರದ ಕೊನೆಗೆ ಖಾಲಿ ಜಾಗ ಬಂದಿತ್ತು, `strip()` ಅದನ್ನು ನುಂಗಿತು. ಅಕ್ಷರಗಳ ಎಣಿಕೆ ಬೆಸವಾಗಿ ಕೊನೇ ಜೋಡಿ ಮುರಿಯಿತು. ಲೆಕ್ಕದ ತಪ್ಪಲ್ಲ. ಮೇಷ್ಟ್ರಿಗೆ ಹಳೇ ಸಿಟ್ಟು.

ಹೊಳಲ್ಕೆರೆಯಿಂದ: ಇಂಗ್ಲಿಷ್ ಯಾಕೆ? ನಾನು ವರ್ಣಮಾಲೆಯ 49 ಅಕ್ಷರ ಇಟ್ಟು ಮಾಡಿದೆ. 49 ಅವಿಭಾಜ್ಯ ಅಲ್ಲ, ಆದರೂ ಚೆನ್ನಾಗಿ ನಡೆಯಿತು. 7ರ ಮಗ್ಗಿ ತಪ್ಪಿಸಿದರೆ ಆಯ್ತು. ‘ದೋಸೆ’ಯನ್ನು ದ್, ಓ, ಸ್, ಎ ಅಂತ ಬಿಡಿಸಬೇಕು. ಬರೋದು ಮಾತ್ರ ಎರಡು ಸ್ವರ ಒಟ್ಟಿಗೆ, ಮೂರು ವ್ಯಂಜನ ಒಟ್ಟಿಗೆ, ಅಡ್ಡಾದಿಡ್ಡಿ. ಅದನ್ನು ಕೂಡಿಸಿ ಬರೆಯೋಕೆ ಹೋಗಿ ಒಂದು ವಾರ ಕಳೆದೆ. ಕೂಡಿಸಬೇಡಿ, ಬಿಡಿಯಾಗಿಯೇ ಇಡಿ.

ಪಿ.ಬಿ. ರೋಡ್: ಅವಳು ಕೇಳಿದ್ದು ಮಾಡ್ 26, ಸ್ವಾಮಿ.

ದುರ್ಗದ ಮೇಷ್ಟ್ರು: ಕೊನೆಯ 4 ತೆಗೆದು 7 ಇಡಮ್ಮ. 35 ಕಳೆ 24, ಹನ್ನೊಂದು. ವಿಲೋಮ 19, ಯಾಕಂದರೆ 11×19 = 209, ಅದರಲ್ಲಿ 208 ಕಳೆದರೆ 1. ಕರ್ಣದ 5, 7 ಜಾಗ ಬದಲಿಸು. 8, 3ಕ್ಕೆ ಕಳೆಯುವ ಗುರುತು ಹಾಕು. ಎಲ್ಲವನ್ನೂ 19ರಿಂದ ಗುಣಿಸಿ 26ಕ್ಕೆ ಇಳಿಸು, ತಿರುಗಿಸುವ ಕೀ ಸಿಗುತ್ತದೆ.

```
pow(11, -1, 26)   # 19
[[3, 4], [21, 17]]
```

ಮೊದಲ ಸಾಲಿಗೆ ಪೈಥಾನ್ 3.8 ಅಥವಾ ಅದಕ್ಕಿಂತ ಹೊಸದು ಬೇಕು. ಅಲ್ಲಿ 11ರ ಬದಲು 22 ಹಾಕಿದರೆ ಅದೇ `ValueError` ಅಂತ ಬೈಯುತ್ತದೆ. ನಿನ್ನ ಪ್ರೋಗ್ರಾಮ್ ಬೈಯದೆ ಸುಮ್ಮನಿದ್ದದ್ದೇ ತೊಂದರೆ.

ಎಂಸಿಎ ಹುಡುಗಿ, ದಾವಣಗೆರೆ: ಸರ್, ತಿರುಗಿತು! ಆದರೆ DOSEಗೆ XDSE ಬಂತು. SE ಹಾಗೇ ಉಳಿದಿದೆಯಲ್ಲ?

ಇಪ್ಪತ್ತೊಂಬತ್ತು: ಹ್ಹೆ! ಅರ್ಧ ದೋಸೆ ಬೆಂದೇ ಇಲ್ಲ. ಮೇಷ್ಟ್ರು ಕೊಟ್ಟ ಕೀ.

ದುರ್ಗದ ಮೇಷ್ಟ್ರು: ನಾನು ಅದನ್ನು ನೋಡಿರಲಿಲ್ಲ, ಒಪ್ಪುತ್ತೇನೆ. ಕರ್ಣದಿಂದ ಒಂದೊಂದು ಕಳೆದರೆ 4, 8, 3, 6. ಅದರ ಡಿಟರ್ಮಿನೆಂಟ್ ಸೊನ್ನೆ. ಹಾಗಾಗಿ ಒಟ್ಟು 26 ಜೋಡಿಗಳು ಕದಲುವುದಿಲ್ಲ: AA, YB, WC, UD, SE, ಹೀಗೆ. AA ಅಂತೂ ಯಾವ ಕೀಗೂ ಕದಲುವುದಿಲ್ಲ. ತಿರುಗಿಸೋಕೆ ಇದರಿಂದ ಅಡ್ಡಿಯಿಲ್ಲ. ಬೇಡ ಅಂದರೆ 7ರ ಜಾಗದಲ್ಲಿ 5 ಇಡು, ಡಿಟರ್ಮಿನೆಂಟ್ 1.

ಪಿ.ಬಿ. ರೋಡ್: 1 ಇಟ್ಟರೆ ವಿಲೋಮ ಹುಡುಕೋದೇ ಬೇಡವಲ್ಲ. ವೈವಾದಲ್ಲಿ ಅದನ್ನೇ ಕೇಳುತ್ತಾರೆ, ನನಗೂ ಕೇಳಿದ್ದರು. 7 ಇರಲಿ ತಂಗಿ.

ಹೊಳಲ್ಕೆರೆಯಿಂದ: ಕನ್ನಡದಲ್ಲಿ ಮಾಡಿದ್ದರೆ ಈ SE ತಕರಾರೇ ಇರುತ್ತಿರಲಿಲ್ಲ.

ದುರ್ಗದ ಮೇಷ್ಟ್ರು: ಅಲ್ಲೂ ‘ಅಅ’ ಕದಲುವುದಿಲ್ಲ ಕಣ್ರೀ.