ಸಹಾಯ ಬೇಕು: ತೊಟ್ಟಿ ಖಾಲಿಯಾಗುವ ಸಮಯದ ಲೆಕ್ಕ

ಎಲ್ಲರಿಗೂ ನಮಸ್ಕಾರ. ಕೋಲಾರದ ಬಳಿ ನಮ್ಮ ಟೊಮೆಟೊ ತೋಟದ ಸಿಮೆಂಟ್ ತೊಟ್ಟಿ 2 ಮೀಟರ್ ಉದ್ದ, 2 ಮೀಟರ್ ಅಗಲವಿದ್ದು, ತಳದ ಹತ್ತಿರ 2.5 ಸೆಂಟಿಮೀಟರ್ ವ್ಯಾಸದ ತೂತಿದೆ. ತೂತಿನ ಮಧ್ಯದಿಂದ ಮೇಲಕ್ಕೆ 1.5 ಮೀಟರ್ ನೀರು ನಿಲ್ಲುತ್ತದೆ.

ಆರಂಭದ ವೇಗವೇ ಕೊನೆಯವರೆಗೂ ಇರುತ್ತದೆಂದುಕೊಂಡರೆ ಸುಮಾರು 38 ನಿಮಿಷ ಬರುತ್ತದೆ. ಆದರೆ ಮಟ್ಟ ಇಳಿದಂತೆ ಒತ್ತಡ ತಗ್ಗಿ ಹರಿವು ನಿಧಾನವಾಗುವುದರಿಂದ ಆ ಲೆಕ್ಕ ಸಲ್ಲದು. ಟೊರಿಚೆಲ್ಲಿಯ ನಿಯಮದಿಂದ ಬರುವ ಸೂತ್ರ ಹೀಗಿದೆ:

t = (A / (C × a)) × √(2h / g)

ಇಲ್ಲಿ A ತೊಟ್ಟಿಯ ತಳದ ವಿಸ್ತೀರ್ಣ, a ತೂತಿನದು, h ತೂತಿನ ಮಧ್ಯದಿಂದ ನೀರಿನ ಎತ್ತರ, g ಗುರುತ್ವ ವೇಗೋತ್ಕರ್ಷ, C ಎಂಬುದು ನಿಜವಾದ ಹರಿವು ಲೆಕ್ಕದ ಹರಿವಿನ ಎಷ್ಟು ಪಾಲು ಎಂದು ತಿಳಿಸುವ ಗುಣಾಂಕ. C ಅನ್ನು 1 ಎಂದಿಟ್ಟರೆ 75 ನಿಮಿಷವಾಗುತ್ತದೆ; ಚೂಪು ಅಂಚಿನ ತೂತಿನಿಂದ ಹೊರಬಿದ್ದ ಧಾರೆ ಕಿರಿದಾಗುವುದನ್ನು ಪರಿಗಣಿಸಿ 0.6 ಎಂದಿಟ್ಟರೆ ಸುಮಾರು 125 ನಿಮಿಷವಾಗುತ್ತದೆ.

ತೂತಿಗೆ ಎಂಟು ಸೆಂಟಿಮೀಟರ್ ಉದ್ದದ, ಅದೇ ಒಳವ್ಯಾಸದ ಪೈಪಿನ ತುಂಡನ್ನು ಕೂರಿಸಿದರೆ C ಅನ್ನು 0.8 ಎಂದು ಹಿಡಿಯಬಹುದೇ? ಬಕೆಟ್ ಮತ್ತು ಗಡಿಯಾರ ಹಿಡಿದು ಅಳೆದು ನೋಡಿದವರು ದಯವಿಟ್ಟು ತಿಳಿಸಿ.